ಮೊತ್ತ ನಂಬುವ ಮೊದಲು ಸಾಲು ಎಣಿಸಿ

"ನಮ್ಮ ಅಪಾರ್ಟ್‌ಮೆಂಟ್ ಸಂಘದ ವರ್ಷದ ಲೆಕ್ಕಪತ್ರ ನೋಡಿ ಸಹಿ ಹಾಕಿ ಅಂತ ನನಗೆ ಹೇಳಿದ್ದಾರೆ. ನಾನು ಕಾಮರ್ಸ್ ಓದಿಲ್ಲ, ಇದೇ ಮೊದಲ ಸಲ. ಅದರಲ್ಲಿರುವ ಮೊತ್ತಗಳನ್ನು ನಂಬಬಹುದಾ ಅಂತ ತಿಳಿಯೋಕೆ ಸಿಂಪಲ್ ಚೆಕ್‌ಲಿಸ್ಟ್ ಇದೆಯಾ? ಎಲ್ಲವನ್ನೂ ಇನ್ನೊಂದು ಸಲ ಕೂಡಿಸಿ ನೋಡಿದರೆ ಸಾಕಲ್ವಾ?"

ಸಾಲದು. ನಾನು ಕೂಡಿಸಿ ನೋಡಿದೆ, ರೂಪಾಯಿ ಪೈಸೆ ಸಮೇತ ತಾಳೆಯಾಯಿತು, ಸಹಿ ಹಾಕಿದೆ. ಎರಡು ತಿಂಗಳಾದ ಮೇಲೆ ನಮ್ಮ ಸೆಕ್ಯುರಿಟಿಯವರಿಗೆ ಕೊಟ್ಟ ಚೆಕ್ ವಾಪಸ್ ಬಂತು.

ಜೆ.ಪಿ. ನಗರದ ಕಡೆ 40 ಮನೆಗಳ ಕಟ್ಟಡ ನಮ್ಮದು. 2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತದೆ. ನಮ್ಮ ಬೋರ್‌ವೆಲ್ ಫೆಬ್ರವರಿಯಲ್ಲೇ ಕೈಕೊಟ್ಟಿತ್ತು. ಮಾರ್ಚ್ ಪೂರ್ತಿ ಟ್ಯಾಂಕರ್ ನೀರು. ಅದೇ ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯಬೇಕು. ಸಿಎ ಕೈಗೆ ಹೋಗುವ ಮುಂಚೆ ಒಬ್ಬ ಸದಸ್ಯರು ನೋಡಿ "ಪರಿಶೀಲಿಸಲಾಗಿದೆ" ಅಂತ ಸಹಿ ಹಾಕುವುದು ನಮ್ಮಲ್ಲಿ ರೂಢಿ. ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ಮುಂದೆ ಕೂರುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಆ ಸಲ ನನ್ನ ಹೆಸರು ಬಂತು. ನನಗೂ ಸ್ವಲ್ಪ ಹೆಮ್ಮೆಯೇ ಆಯಿತು ಅನ್ನಿ.

ಖಜಾಂಚಿಯವರು ಶೀಟ್ ಕಳಿಸಿದರು. ಖರ್ಚಿನ ಪಟ್ಟಿಯಲ್ಲಿ 62 ಸಾಲು. ಕೆಳಗೆ ಒಟ್ಟು 13,61,350. ನಾನು ಮಾಡಿದ್ದು ಇಷ್ಟೇ: ಮೊತ್ತದ ಕಾಲಮ್ಮನ್ನು ಮೇಲಿಂದ ಕೆಳಗೆ ಮೌಸ್‌ನಲ್ಲಿ ಎಳೆದು ಸೆಲೆಕ್ಟ್ ಮಾಡಿದೆ. ಪರದೆಯ ಕೆಳಗಿನ ಪಟ್ಟಿಯಲ್ಲಿ Sum ಅಂತ ತೋರಿಸುತ್ತದಲ್ಲ, ಅಲ್ಲೂ 13,61,350 ಬಂತು. ಸರಿಯಾಗಿದೆ ಅಂದುಕೊಂಡೆ. ಸಮಾಧಾನಕ್ಕೆ ಪಕ್ಕದ ಖಾಲಿ ಸೆಲ್‌ನಲ್ಲಿ ನಾನೇ ಒಂದು SUM ಹಾಕಿದೆ. ಅದೂ ಅಷ್ಟೇ ಹೇಳಿತು.

ನನಗೆ ನಷ್ಟ ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಟ್ಯಾಂಕರ್‌ನವರು ಪ್ರತಿ ಶನಿವಾರ ವಾಟ್ಸಾಪ್‌ನಲ್ಲಿ ಆ ವಾರದ ಬಿಲ್ ಕಳಿಸುತ್ತಿದ್ದರು. ಒಂದು ಲೋಡಿಗೆ 1,400 ರೂಪಾಯಿ. 16 ಲೋಡ್, 13 ಲೋಡ್, 18 ಲೋಡ್, 14 ಲೋಡ್. ಖಜಾಂಚಿಯವರು ಅವತ್ತವತ್ತೇ ಮೊಬೈಲ್‌ನಿಂದ ದುಡ್ಡು ಕಳಿಸಿಬಿಟ್ಟಿದ್ದರು. ಶೀಟಿಗೆ ಏರಿಸುವುದು ಮಾತ್ರ ಏಪ್ರಿಲ್‌ಗೆ ಬಿತ್ತು. ಆಗ ಮೆಸೇಜ್‌ನಿಂದ ಮೊತ್ತವನ್ನು ಹಾಗೇ ಕಾಪಿ ಮಾಡಿ ಅಂಟಿಸಿದರು. ಮೆಸೇಜ್‌ನಲ್ಲಿ ಇದ್ದದ್ದು ಹೀಗೆ:

```
22,400/-
18,200/-
25,200/-
19,600/-
```

ಈ "/-" ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಕಿರಾಣಿ ಚೀಟಿಯಿಂದ ಮದುವೆ ಮುಯ್ಯಿಯ ಲಕೋಟೆವರೆಗೆ ಎಲ್ಲದರ ಮೇಲೂ ಅದನ್ನು ನೋಡಿ ನೋಡಿ ಅದು ಅಂಕಿಯದೇ ಭಾಗ ಅನ್ನಿಸಿಬಿಟ್ಟಿದೆ. ಆದರೆ ಎಕ್ಸೆಲ್‌ಗೆ ಅದು ಅಂಕಿಯಲ್ಲ, ಅಕ್ಷರ. 22,400/- ಅನ್ನುವುದೂ "ಟ್ಯಾಂಕರ್ ನೀರು" ಅನ್ನುವುದೂ ಅದರ ಮಟ್ಟಿಗೆ ಒಂದೇ ಜಾತಿ. SUM ಅಂಥ ಸೆಲ್‌ಗಳನ್ನು ಸುಮ್ನೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಬಿಟ್ಟೆ ಅಂತ ಹೇಳುವುದೂ ಇಲ್ಲ. =D5+D6 ಅಂತ ಕೈಯಾರೆ ಕೂಡಿಸಿದ್ದರೆ #VALUE! ಅಂತ ಕೂಗಿಕೊಳ್ಳುತ್ತಿತ್ತು. SUM ಕೂಗುವುದಿಲ್ಲ. ಪರದೆಯ ಕೆಳಗಿನ Sum ಕೂಡ ಹಾಗೇ, ಅಂಕಿಗಳನ್ನಷ್ಟೇ ಕೂಡಿಸುತ್ತದೆ. ಅಂದರೆ ಯಾವ ಕಣ್ಣು ತಪ್ಪು ನೋಡಿತ್ತೋ ಅದೇ ಕಣ್ಣಿನಿಂದ ನಾನು ಮೂರು ಸಲ ನೋಡಿದ್ದೆ. ಮೂರು ಸಲವೂ ಒಂದೇ ಉತ್ತರ ಬಂತು. ಅದನ್ನು ಪರಿಶೀಲನೆ ಅಂದುಕೊಂಡೆ.

ಗುರುತು ಹಿಡಿಯುವ ಸುಳಿವು ಇರಲಿಲ್ಲವಾ ಅಂತ ಕೇಳಬಹುದು. ಸಾಮಾನ್ಯವಾಗಿ ಅಂಕಿ ಸೆಲ್‌ನ ಬಲಕ್ಕೆ ಅಂಟಿಕೊಳ್ಳುತ್ತದೆ, ಅಕ್ಷರ ಎಡಕ್ಕೆ. ಆ ನಾಲ್ಕು ಸಾಲು ಎಡಕ್ಕೆ ಎದ್ದು ಕಾಣಬೇಕಿತ್ತು. ಆದರೆ ಖಜಾಂಚಿಯವರು ಚೆಂದ ಕಾಣಲಿ ಅಂತ ಇಡೀ ಕಾಲಮ್ಮನ್ನು ಬಲಕ್ಕೆ ಸರಿಸಿದ್ದರು. ಸೆಲ್‌ನ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಬರುತ್ತದಲ್ಲ, ಅದೂ ಬರಲಿಲ್ಲ. ಅಂಕಿಯಂತೆಯೇ ಇರುವ ಅಕ್ಷರಕ್ಕೆ ಅದು ಬರುತ್ತದೆ, "/-" ಇದ್ದರೆ ಎಕ್ಸೆಲ್‌ಗೆ ಅನುಮಾನವೇ ಹುಟ್ಟುವುದಿಲ್ಲ.

ನಾಲ್ಕೂ ಸೇರಿ 85,400 ರೂಪಾಯಿ ಖರ್ಚು ಲೆಕ್ಕದಿಂದ ಹೊರಗೆ ಉಳಿಯಿತು. ವರ್ಷದಲ್ಲಿ ಬಂದದ್ದು 14,22,000. ಶೀಟಿನ ಪ್ರಕಾರ ಹೋದದ್ದು 13,61,350. ಹಾಗಾಗಿ 60,650 ಉಳಿತಾಯ! ನಿಜದಲ್ಲಿ ಹೋದದ್ದು 14,46,750, ಅಂದರೆ 24,750 ಕೊರತೆ. ಸಭೆಯಲ್ಲಿ ಉಳಿತಾಯದ ಅಂಕಿ ಓದಿದರು, ಎಲ್ಲರೂ ಖುಷಿಯಾದರು, ಮೇಂಟೆನೆನ್ಸ್ ಜಾಸ್ತಿ ಮಾಡುವುದು ಬೇಡ ಅಂತಾಯಿತು, 55,000ಕ್ಕೆ ಹೊಸ ಸಿಸಿಟಿವಿ ಹಾಕಿಸೋಣ ಅಂತಾಯಿತು. ಟ್ಯಾಂಕರ್ ಮಾತ್ರ ಏಪ್ರಿಲ್, ಮೇಯಲ್ಲೂ ಬರುತ್ತಲೇ ಇತ್ತು. ಜೂನ್‌ನಲ್ಲಿ ಚೆಕ್ ವಾಪಸ್. ಸೆಕ್ಯುರಿಟಿಯವರು ರಾತ್ರಿ ಪಾಳಿಯ ಒಬ್ಬ ಗಾರ್ಡ್‌ನನ್ನು ವಾಪಸ್ ಕರೆಸಿಕೊಂಡರು. ಮನೆಗೆ 2,000ದಂತೆ ತುರ್ತಾಗಿ ವಸೂಲಿ. ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿನಲ್ಲಿ ವಸೂಲಿಯ ನೋಟಿಸ್, ಅದರ ಪಕ್ಕದಲ್ಲೇ ಇನ್ನೂ ಕಿತ್ತಿರದ ವರ್ಷದ ಲೆಕ್ಕ, ಅದರ ಕೆಳಗೆ ನನ್ನ ಸಹಿ. ಆ ತಿಂಗಳು ನಾನು ಮೆಟ್ಟಿಲಲ್ಲೇ ಓಡಾಡಿದೆ.

ಇದನ್ನು ಹಿಡಿದವರು ಮೂರನೇ ಮಹಡಿಯ ಅಂಕಲ್. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಂಪ್ಯೂಟರ್ ಮುಟ್ಟಲೇ ಇಲ್ಲ. ಅವರು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ನಿಮಗೆ ಬೇಕಾದ ಚೆಕ್‌ಲಿಸ್ಟ್ ಅದೇ.

ಮೊದಲು ಒಂದು ಹಾಳೆ ತೆಗೆದುಕೊಂಡು ನಾಲ್ಕೇ ಅಂಕಿ ಬರೆದರು. ವರ್ಷದ ಆರಂಭದ ಬಾಕಿ 2,12,400. ಇದನ್ನು ಈ ವರ್ಷದ ಶೀಟಿನಿಂದ ತೆಗೆದುಕೊಳ್ಳಲಿಲ್ಲ, ಹಿಂದಿನ ವರ್ಷ ಸಹಿಯಾದ ಹಾಳೆಯಿಂದ ತೆಗೆದುಕೊಂಡರು. ಅದಕ್ಕೆ ಬಂದದ್ದು ಕೂಡಿಸಿದರು, ಹೋದದ್ದು ಕಳೆದರು. 2,73,050 ಉಳಿಯಬೇಕು. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದು ಮಾರ್ಚ್ 31ರ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. 1,87,650. ನಮ್ಮಲ್ಲಿ ನಗದು ಇಟ್ಟುಕೊಳ್ಳುವ ಪದ್ಧತಿ ಇಲ್ಲ, ಎಲ್ಲ ಒಂದೇ ಖಾತೆಯಲ್ಲಿ. ಹಾಗಾದರೆ 85,400 ಎಲ್ಲಿ?

"ಇದನ್ನು ನೀನು ನೋಡಲಿಲ್ವೇನಮ್ಮಾ?"

ನೋಡಿದ್ದೆ. ಅದೇ ನಾಚಿಕೆಯ ವಿಷಯ. ಸಹಿ ಹಾಕುವ ದಿನ ಖಜಾಂಚಿಯವರನ್ನು ಕೇಳಿಯೂ ಇದ್ದೆ. "ಕೊಟ್ಟ ಚೆಕ್‌ಗಳು ಇನ್ನೂ ಪಾಸಾಗಿಲ್ಲ ಮೇಡಂ, ವರ್ಷದ ಕೊನೆಯಲ್ಲಿ ಹೀಗೇ ಇರುತ್ತೆ" ಅಂದರು. ಅವರು ಸುಳ್ಳು ಹೇಳಲಿಲ್ಲ, ಹಾಗೇ ನಂಬಿದ್ದರು. ನಾನೂ ನಂಬಿದೆ. ಅಂಕಲ್ ಇದನ್ನು ಕೇಳಿ ನಕ್ಕುಬಿಟ್ಟರು. ಯಾಕೆ ಅಂದರೆ ಆ ಕಾರಣ ಇರುವ ವ್ಯತ್ಯಾಸದ ಉಲ್ಟಾ ದಿಕ್ಕಿನದು. ನೀವು ಇವತ್ತು 10,000ದ ಚೆಕ್ ಕೊಟ್ಟಿರಿ ಅಂದುಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಇವತ್ತೇ 10,000 ಕಡಿಮೆಯಾಗುತ್ತದೆ. ಬ್ಯಾಂಕಿನಲ್ಲಿ ಅವರು ಚೆಕ್ ಹಾಕುವ ತನಕ ಕಡಿಮೆಯಾಗುವುದಿಲ್ಲ. ಹಾಗಾಗಿ ಪಾಸಾಗದ ಚೆಕ್ ಇದ್ದರೆ ಬ್ಯಾಂಕಿನಲ್ಲಿ ಪುಸ್ತಕಕ್ಕಿಂತ ಜಾಸ್ತಿ ದುಡ್ಡು ಇರಬೇಕು. ನಮ್ಮದರಲ್ಲಿ ಬ್ಯಾಂಕಿನಲ್ಲೇ ಕಡಿಮೆ.

ಬ್ಯಾಂಕಿನಲ್ಲಿ ಕಡಿಮೆ ಇದ್ದರೆ ಕಾರಣಗಳು ಬೇರೆ. ನೀವು ಹಾಕಿದ ಚೆಕ್ ಇನ್ನೂ ಜಮೆ ಆಗಿರಲಿಕ್ಕಿಲ್ಲ, ಬ್ಯಾಂಕಿನವರು ಕತ್ತರಿಸಿದ ಶುಲ್ಕ ಪುಸ್ತಕಕ್ಕೆ ಏರಿರಲಿಕ್ಕಿಲ್ಲ, ಅಥವಾ ಒಂದು ಖರ್ಚು ಬಿಟ್ಟುಹೋಗಿರಬೇಕು. ಮೊದಲನೆಯದನ್ನು ತಿಳಿಯುವುದು ಸುಲಭ, ಏಪ್ರಿಲ್ ಮೊದಲ ವಾರದ ಸ್ಟೇಟ್‌ಮೆಂಟ್ ನೋಡಿದರೆ ಆ ಜಮೆಗಳು ಅಲ್ಲಿರುತ್ತವೆ. ನಮ್ಮದರಲ್ಲಿ ಇರಲಿಲ್ಲ. ಅಲ್ಲದೆ ತಿಂಗಳಿಗೆ 3,000 ಕಟ್ಟುವ ಕಟ್ಟಡದಲ್ಲಿ 85,400 ಅಂದರೆ 28 ಮನೆಯವರ ಚೆಕ್ ಒಟ್ಟಿಗೆ ದಾರಿಯಲ್ಲಿರಬೇಕು. ಬ್ಯಾಂಕ್ ಶುಲ್ಕವಂತೂ ಅಷ್ಟು ಬರುವುದೇ ಇಲ್ಲ. ಉಳಿದದ್ದು ಬಿಟ್ಟುಹೋದ ಖರ್ಚು.

ಆಮೇಲೆ ಅಂಕಲ್ ಆ 85,400ನ್ನೇ ಹಿಡಿದು ತಿರುಗಿಸಿದರು. ಅಷ್ಟೇ ಮೊತ್ತದ ಒಂದು ಎಂಟ್ರಿ ಎಲ್ಲಾದರೂ ಇದೆಯಾ? ಇಲ್ಲ. ಅರ್ಧ ಮಾಡಿದರು, 42,700. ಒಂದು ಮೊತ್ತ ಖರ್ಚಿನ ಬದಲು ಜಮೆಯ ಕಡೆ ಬಿದ್ದಿದ್ದರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ, ಅದಕ್ಕೆ ಅರ್ಧ ಮಾಡಿ ಹುಡುಕುವುದು. ಅದೂ ಇಲ್ಲ. 9ರಿಂದ ಭಾಗಿಸಿದರು, ಹೋಗಲಿಲ್ಲ. 5,400 ಬರೆಯುವಲ್ಲಿ 4,500 ಅಂತ ಅಕ್ಕಪಕ್ಕದ ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ನಮ್ಮದು ಆಗಲಿಲ್ಲ, ಹಾಗಾಗಿ ಅಂಥ ಒಂದು ತಪ್ಪು ಅಲ್ಲ. ಇಷ್ಟಕ್ಕೆ ಅವರಿಗೆ ಎರಡು ನಿಮಿಷ ಹಿಡಿಯಿತು.

"ಸರಿ, ಎಣಿಸು" ಅಂದರು. ಕೂಡಿಸು ಅನ್ನಲಿಲ್ಲ, ಎಣಿಸು ಅಂದರು.

ವೋಚರ್ ಫೈಲ್‌ನಲ್ಲಿ 62 ವೋಚರ್. ಶೀಟಿನಲ್ಲಿ 62 ಸಾಲು. ಹಾಗಾದರೆ ಯಾವುದೂ ಬಿಟ್ಟಿಲ್ಲವಲ್ಲ ಅಂದೆ. ಅವರು ಕನ್ನಡಕ ಏರಿಸಿಕೊಂಡು, "ಬರೆದಿರೋದು ಅರವತ್ತೆರಡು. ನಿನ್ನ ಮೆಷಿನ್ ಕೂಡಿಸಿರೋದು ಎಷ್ಟು?" ಅಂದರು.

ಆ ಪ್ರಶ್ನೆ ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಕೈ ತಣ್ಣಗಾಯಿತು. ಪರದೆಯ ಕೆಳಗಿನ ಪಟ್ಟಿಯ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ Count ಜೊತೆ Numerical Count ಅಂತ ಇನ್ನೊಂದಿದೆ, ಸಾಮಾನ್ಯವಾಗಿ ಅದಕ್ಕೆ ಟಿಕ್ ಇರುವುದಿಲ್ಲ. ಟಿಕ್ ಮಾಡಿ ಕಾಲಮ್ ಸೆಲೆಕ್ಟ್ ಮಾಡಿದೆ. Count 62. Numerical Count 58. ಮೊದಲನೆಯದು ಏನಾದರೂ ಬರೆದಿರುವ ಸೆಲ್‌ಗಳ ಲೆಕ್ಕ, ಎರಡನೆಯದು ನಿಜವಾಗಿ ಅಂಕಿ ಇರುವವು. ನಾಲ್ಕು ಸೆಲ್ ಮೊತ್ತಕ್ಕೆ ಸೇರಿಯೇ ಇಲ್ಲ. ಮುಂದಿನದು ಹುಡುಕಾಟವೇ ಅಲ್ಲ, ಕಣ್ಣು ಹಾಯಿಸಿದರೆ ನಾಲ್ಕು "/-" ಅಲ್ಲೇ ಕೂತಿದ್ದವು.

ಫಾರ್ಮುಲಾದಲ್ಲೇ ಬೇಕಾದರೆ ಹೀಗೆ. ಎರಡೂ ಒಂದೇ ಅಂಕಿ ಕೊಡಬೇಕು:

```
=COUNTA(D5:D66)
=COUNT(D5:D66)
```

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇನ್ನೊಂದು ಸಲ ಕೂಡಿಸಿ ನೋಡುವುದು ಕೊನೆಯ ಕೆಲಸ, ಮೊದಲನೆಯದಲ್ಲ. ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು: ಶೀಟನ್ನು ಪ್ರಿಂಟ್ ತೆಗೆದು ಕ್ಯಾಲ್ಕುಲೇಟರ್‌ನಲ್ಲಿ ಕುಟ್ಟಿದ್ದರೆ ನನ್ನ ತಪ್ಪು ಅವತ್ತೇ ಸಿಗುತ್ತಿತ್ತು. ಕ್ಯಾಲ್ಕುಲೇಟರ್ ಒತ್ತುವ ಬೆರಳು "/-" ನೋಡಿ ಸಾಲು ಬಿಡುವುದಿಲ್ಲ. ಆದರೆ ಖಜಾಂಚಿಯವರು ಆ ನಾಲ್ಕು ಬಿಲ್‌ಗಳನ್ನು ಏರಿಸಲು ಮರೆತೇಬಿಟ್ಟಿದ್ದರೆ? ಆಗ ಉಳಿದ 58 ಸಾಲು ಯಾವ ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿದರೂ 13,61,350ಕ್ಕೇ ಬರುತ್ತಿತ್ತು. ಹಾಳೆಯಲ್ಲಿ ಇಲ್ಲದ್ದನ್ನು ಹಾಳೆ ಕೂಡಿಸಿ ಕಂಡುಹಿಡಿಯಲು ಆಗಲ್ಲ. ಹೊರಗಿನ ಒಂದು ಕಾಗದ ಬೇಕು. ಸಂಘದ ಲೆಕ್ಕಕ್ಕೆ ಆ ಕಾಗದ ಬ್ಯಾಂಕ್ ಸ್ಟೇಟ್‌ಮೆಂಟ್. ಅದನ್ನೂ ಬ್ಯಾಂಕಿನಿಂದ ಬಂದ ಪಿಡಿಎಫ್ ರೂಪದಲ್ಲೇ ಕೇಳಿ, ಯಾರೋ ಮತ್ತೆ ಟೈಪ್ ಮಾಡಿದ್ದು ಬೇಡ.

ಹಾಗಾಗಿ ಮೊದಲು ಅಂಕಲ್‌ನ ನಾಲ್ಕು ಅಂಕಿ. ಬ್ಯಾಂಕಿಗೆ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿ. ಯಾರಾದರೂ ಕಾರಣ ಹೇಳಿದರೆ, ಆ ಕಾರಣದಿಂದ ಬ್ಯಾಂಕಿನ ಬಾಕಿ ಮೇಲೆ ಹೋಗಬೇಕಾ ಕೆಳಗೆ ಬರಬೇಕಾ ಅಂತ ಹಾಳೆಯಲ್ಲಿ ಬಾಣ ಬರೆದು ನೋಡಿ. ನಾನು ಈಗಲೂ ಬಾಣ ಬರೆಯುತ್ತೇನೆ, ತಲೆಯಲ್ಲಿ ಮಾಡಲು ಹೋದರೆ ಉಲ್ಟಾ ಆಗುತ್ತದೆ.

ಆಮೇಲೆ ಎಣಿಕೆ. ವೋಚರ್ ಎಷ್ಟು, ಸಾಲು ಎಷ್ಟು, ಅಂಕಿ ಇರುವ ಸೆಲ್ ಎಷ್ಟು. ಮೂರೂ ಒಂದೇ ಇರಬೇಕು. ಎಡಗಡೆಯ ಸಾಲು ಸಂಖ್ಯೆ 31ರಿಂದ 35ಕ್ಕೆ ಹಾರಿದೆಯಾ ಅಂತಲೂ ಒಮ್ಮೆ ನೋಡಿ. ಹಾರಿದ್ದರೆ ನಡುವೆ ಅಡಗಿಸಿದ ಸಾಲುಗಳಿವೆ, SUM ಅವನ್ನೂ ಕೂಡಿಸಿರುತ್ತದೆ, ಪ್ರಿಂಟ್‌ನಲ್ಲಿ ಮಾತ್ರ ಕಾಣುವುದಿಲ್ಲ.

ಬಂದ ದುಡ್ಡಿಗೆ ಬೇರೆ ದಾರಿ ಇದೆ, ಅಲ್ಲಿ ಕೂಡಿಸುವುದಕ್ಕಿಂತ ಗುಣಿಸುವುದು ಒಳ್ಳೆಯದು. 40 ಮನೆ, 3,000, 12 ತಿಂಗಳು, 14,40,000. ಶೀಟಿನಲ್ಲಿ 14,22,000. ಕಡಿಮೆ ಇರುವ 18,000ಕ್ಕೆ ಬಾಕಿದಾರರ ಪಟ್ಟಿ ಕೇಳಿ. ನಮ್ಮದರಲ್ಲಿ ಒಂದೇ ಮನೆ, ಆರು ತಿಂಗಳು ಕಟ್ಟಿರಲಿಲ್ಲ, ಸರಿಹೋಯಿತು. ಯಾರಾದರೂ ಮುಂದಿನ ವರ್ಷದ್ದು ಮಾರ್ಚ್‌ನಲ್ಲೇ ಕಟ್ಟಿದ್ದರೆ ಮೊತ್ತ ಜಾಸ್ತಿ ಕಡೆ ವಾಲುತ್ತದೆ, ಅದನ್ನೂ ಕೇಳಿಕೊಳ್ಳಿ.

ಇಷ್ಟಾದ ಮೇಲೆ ಕೂಡಿಸಿ. ಪ್ರಿಂಟ್ ಹಾಳೆಯಲ್ಲಿ, ಕ್ಯಾಲ್ಕುಲೇಟರ್‌ನಲ್ಲಿ, ಸಾಧ್ಯವಾದರೆ ಕೆಳಗಿಂದ ಮೇಲಕ್ಕೆ. ಐದಾರು ರೂಪಾಯಿ ವ್ಯತ್ಯಾಸ ಬಂದರೆ ಗಾಬರಿ ಬೇಡ. ಪೈಸೆ ಅಡಗಿಸಿ ತೋರಿಸುವ ಶೀಟಿನಲ್ಲಿ ಪ್ರತಿ ಸಾಲಿನಲ್ಲೂ ಹೆಚ್ಚೆಂದರೆ 50 ಪೈಸೆ ಆಚೀಚೆ ಆಗಿರುತ್ತದೆ, 62 ಸಾಲಿಗೆ 31 ರೂಪಾಯಿವರೆಗೆ ಒಪ್ಪಬಹುದು. 400 ರೂಪಾಯಿ ಬಂದರೆ ಅದು ಪೈಸೆಯ ಕಥೆಯಲ್ಲ. ಒಟ್ಟು ಮೊತ್ತ ನಿಮ್ಮದರ ಸರಿಯಾಗಿ ಎರಡರಷ್ಟು ಬಂದರೆ ನಡುವಿನ ಉಪಮೊತ್ತಗಳೂ ಕೊನೆಯ SUM ಒಳಗೆ ಸೇರಿಕೊಂಡಿವೆ ಅಂತ ಅರ್ಥ. ಅದು ಜಾಸ್ತಿ ಆಗುವ ತಪ್ಪು, ಹಿಡಿಯುವುದೂ ಸುಲಭ.

ಟ್ಯಾಂಕರ್ ನಿಜವಾಗಿ 61 ಲೋಡ್ ಬಂತಾ, 1,400 ಸರಿಯಾದ ದರವಾ ಅನ್ನುವುದು ಇದ್ಯಾವುದರಿಂದಲೂ ಗೊತ್ತಾಗುವುದಿಲ್ಲ. ಅದಕ್ಕೆ ಗೇಟಿನ ಗಾರ್ಡ್ ಬರೆಯುವ ಪುಸ್ತಕ ಬೇಕು, ಅದು ಬೇರೆ ಕೆಲಸ. ಮೊತ್ತ ನೋಡಿ ಅಂದಾಗ ಮೊತ್ತ ನೋಡಿ, ಎರಡನ್ನೂ ಒಂದೇ ದಿನ ಮಾಡಲು ಹೋಗಬೇಡಿ.

"ಪರಿಶೀಲಿಸಲಾಗಿದೆ" ಅಂತ ಬರೆಯುವುದನ್ನು ನಾನು ಬಿಟ್ಟೆ. ಮುಂದಿನ ವರ್ಷವೂ ನನ್ನನ್ನೇ ಕೇಳಿದರು (ಬೇರೆ ಯಾರೂ ಒಪ್ಪಲಿಲ್ಲ ಅನ್ನಿ). ಸಹಿಯ ಪಕ್ಕ ವೋಚರ್ ಎಷ್ಟು, ಅಂಕಿ ಸೆಲ್ ಎಷ್ಟು, ಮಾರ್ಚ್ 31ರ ಬ್ಯಾಂಕ್ ಬಾಕಿ ಎಷ್ಟು, ಪುಸ್ತಕದ ಬಾಕಿ ಎಷ್ಟು ಅಂತ ಒಂದೇ ಸಾಲು ಬರೆದೆ. ಖಜಾಂಚಿಯವರು ಮೊದಲು ಮುಖ ಸಣ್ಣದು ಮಾಡಿದರು. ಈಗ ಅವರೇ ಆ ಸಾಲನ್ನು ಪೆನ್ಸಿಲ್‌ನಲ್ಲಿ ಬರೆದು ಕಳಿಸುತ್ತಾರೆ, ನಾನು ನೋಡಿ ಪೆನ್‌ನಲ್ಲಿ ತಿದ್ದುತ್ತೇನೆ.

ನಿಮಗೆ ಬಂದಿರುವುದು ಪಿಡಿಎಫ್ ಆದರೆ ಎಕ್ಸೆಲ್ ಫೈಲನ್ನೇ ಕೇಳಿ. ಕಳಿಸಿದ ಮೇಲೆ ಅದರ ಒಂದು ಪ್ರತಿ ಮಾಡಿಕೊಂಡು, Ctrl+F ಒತ್ತಿ /- ಅಂತ ಹುಡುಕಿ. ಮೂಲ ಫೈಲಿನಲ್ಲಿ ನೀವೇ ತಿದ್ದಬೇಡಿ. ಸಿಕ್ಕರೆ ಸಾಲಿನ ಸಂಖ್ಯೆ ಬರೆದು ಖಜಾಂಚಿಗೆ ಕಳಿಸಿ, ಅವರೇ ತಿದ್ದಲಿ.